ಹಳೆಯ ಸರದ ಮಣಿ ಅಂಬರ್, ಕೋಪಲ್ ಅಥವಾ ಪ್ಲಾಸ್ಟಿಕ್? ಮಣಿಗೆ ಪೆಟ್ಟಾಗದಂತೆ ಗುರುತಿಸುವ ಬಗೆ

ಜೇನು ಬಣ್ಣದ ಮಣಿಗಳ ಹಳೆಯ ಸರವೊಂದು ಕೈಗೆ ಬಂದರೆ ಹೆಚ್ಚಿನವರು ಮೊದಲು ಉಪ್ಪುನೀರಿನ ಲೋಟ ತಯಾರು ಮಾಡುತ್ತಾರೆ. ಮಣಿ ತೇಲಿದರೆ ಅಂಬರ್, ಮುಳುಗಿದರೆ ಪ್ಲಾಸ್ಟಿಕ್ ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ. ಮುಳುಗಿದ ಮಣಿಯ ಬಗ್ಗೆ ಆ ಮಾತು ಬಹುಮಟ್ಟಿಗೆ ಸರಿ, ಅದು ಅಂಬರ್ ಅಲ್ಲ. ಆದರೆ ತೇಲಿದ ಮಣಿ ಅಂಬರ್ ಆಗಿರಬಹುದು, ಕೋಪಲ್ ಆಗಿರಬಹುದು, ಕೆಲವು ಬಗೆಯ ಪ್ಲಾಸ್ಟಿಕ್ ಕೂಡ ಆಗಿರಬಹುದು. ಉಪ್ಪುನೀರು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೋಪಲ್ ಹೌದೋ ಅಲ್ಲವೋ ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕು. ಯಾವ ಪರೀಕ್ಷೆ ಯಾವುದನ್ನು ಬೇರ್ಪಡಿಸುತ್ತದೆ ಎಂದು ಗೊತ್ತಿದ್ದರೆ ಮಣಿಯನ್ನು ಸುಡುವ, ಕೆರೆಯುವ ಅಗತ್ಯವೇ ಬರುವುದಿಲ್ಲ.

ಮೂರರ ನಡುವೆ ಇರುವ ವ್ಯತ್ಯಾಸ

ಅಂಬರ್ ಅಂದರೆ ಮರದಿಂದ ಒಸರಿದ ರಾಳ ಮಣ್ಣಿನಡಿ ಕೋಟ್ಯಂತರ ವರ್ಷ ಉಳಿದು ಗಟ್ಟಿಯಾದದ್ದು. ಬಾಲ್ಟಿಕ್ ಸಮುದ್ರದ ತೀರದಲ್ಲಿ ಸಿಗುವ ಅಂಬರ್‌ಗೆ ಸುಮಾರು 4 ಕೋಟಿ ವರ್ಷ ವಯಸ್ಸು. ಹಳೆಯ ಸರಗಳಲ್ಲಿ ಜಾಸ್ತಿ ಕಾಣುವುದು ಇದೇ. ಕೋಪಲ್ ಕೂಡ ಮರದ ರಾಳವೇ, ಆದರೆ ಅದರ ವಯಸ್ಸು ನೂರಾರು ಅಥವಾ ಸಾವಿರಾರು ವರ್ಷ ಮಾತ್ರ. ಪೂರ್ವ ಆಫ್ರಿಕಾ, ಮಡಗಾಸ್ಕರ್, ಕೊಲಂಬಿಯಾಗಳಿಂದ ಅದು ಬರುತ್ತದೆ. ರಾಳದ ಕಣಗಳು ಒಂದಕ್ಕೊಂದು ಪೂರ್ತಿ ಹೆಣೆದುಕೊಂಡಿರುವುದಿಲ್ಲ, ಸುಲಭವಾಗಿ ಆವಿಯಾಗುವ ಎಣ್ಣೆಯ ಅಂಶವೂ ಒಳಗೆ ಉಳಿದಿರುತ್ತದೆ. ಕೋಪಲ್ ಬೇಗ ಮೆತ್ತಗಾಗುವುದು, ಸ್ಪಿರಿಟ್ ತಾಗಿದರೆ ಜಿಗುಟಾಗುವುದು, ಮೇಲ್ಮೈ ಬೇಗ ಬಿರಿಯುವುದು, ಎಲ್ಲಕ್ಕೂ ಇದೇ ಕಾರಣ.

ಪ್ಲಾಸ್ಟಿಕ್ ಅಂದ ತಕ್ಷಣ ಹೊಸದು ಅಂದುಕೊಳ್ಳಬೇಡಿ. ಸೆಲ್ಯುಲಾಯ್ಡ್ 1870ರ ದಶಕದಿಂದಲೇ ಇದೆ. ಹಾಲಿನ ಕೇಸೀನ್‌ನಿಂದ ಮಾಡಿದ ಪ್ಲಾಸ್ಟಿಕ್ 1900ರ ಆಸುಪಾಸಿನದು. ಲಿಯೋ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ಮಾಡಿದ್ದು 1907ರಲ್ಲಿ. ಆ ಜಾತಿಯ ಫೀನಾಲಿಕ್ ರಾಳದಿಂದ ಎಷ್ಟೋ "ಚೆರ್ರಿ ಅಂಬರ್" ಸರಗಳು, "ಆಫ್ರಿಕನ್ ಅಂಬರ್" ಮಣಿಗಳು ತಯಾರಾದವು. ಹಾಗಾಗಿ ಸರ ನೂರು ವರ್ಷದ್ದು ಅನ್ನುವುದು ನಿಜವಾಗಿದ್ದರೂ ಅದು ಅಂಬರ್ ಎಂಬುದಕ್ಕೆ ಸಾಕ್ಷಿ ಅಲ್ಲ.

ಮೊದಲು ಕಣ್ಣು, ಆಮೇಲೆ ನೀರು

ನನ್ನ ಮಟ್ಟಿಗೆ ಅತಿ ಹೆಚ್ಚು ಹೇಳುವ ಜಾಗ ಮಣಿಯ ತೂತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಸಾಕು, ಸರ ಬಿಚ್ಚದೆಯೇ ನೋಡಬಹುದು. ಅಂಬರ್ ಸುಲಭವಾಗಿ ಚಕ್ಕೆ ಏಳುವ ವಸ್ತು. ಅದರ ತೂತಿನ ಅಂಚಿನಲ್ಲಿ ಚಿಪ್ಪಿನಾಕಾರದ ಸಣ್ಣ ಸಣ್ಣ ಚಕ್ಕೆ ಎದ್ದ ಗುರುತು ಇರುತ್ತದೆ. ವರ್ಷಗಟ್ಟಲೆ ಪಕ್ಕದ ಮಣಿಗೆ ತಿಕ್ಕಿದ ಕಡೆ ಸ್ವಲ್ಪ ಚಪ್ಪಟೆಯಾಗಿಯೂ ಇರಬಹುದು. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಮಣಿಯ ತೂತು ನುಣ್ಣಗೆ ಇರುತ್ತದೆ, ಮಣಿಯ ಸುತ್ತ ಅಚ್ಚಿನ ಎರಡು ಭಾಗ ಸೇರಿದ ತೆಳು ಗೆರೆ ಕಾಣಬಹುದು. ಆ ಗೆರೆ ಕಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಗೆರೆ ಇಲ್ಲದಿದ್ದರೆ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ. ಫೀನಾಲಿಕ್ ಮಣಿಗಳನ್ನು ಸಾಮಾನ್ಯವಾಗಿ ಕೋಲಿನಂತೆ ಹೊಯ್ದು ಆಮೇಲೆ ಕಡೆದು, ಕೊರೆದು ಮಾಡುತ್ತಿದ್ದರು. ಅವುಗಳಲ್ಲಿ ಗೆರೆ ಇರುವುದಿಲ್ಲ, ತೂತಿನಲ್ಲಿ ಚಕ್ಕೆಯೂ ಏಳಬಹುದು.

ಇನ್ನೊಂದು ನೋಟ ಬೆಳಕಿನದು. ಮಣಿಯ ಹಿಂದೆ ಸಣ್ಣ ಟಾರ್ಚ್ ಹಿಡಿದು ಬಣ್ಣ ಎಲ್ಲಿದೆ ಎಂದು ನೋಡಿ. ಹಳೆಯ ಅಂಬರ್ ಗಾಳಿ, ಬೆಳಕಿಗೆ ಕೆಂಪಾಗುತ್ತದೆ, ಆದರೆ ಆ ಕೆಂಪು ಹೊರಗಿನ ತೆಳು ಪದರದಲ್ಲಿ ಮಾತ್ರ. ಚಕ್ಕೆ ಎದ್ದ ಜಾಗದಲ್ಲಿ, ತೂತಿನ ಒಳಗೆ ತಿಳಿಯಾದ ಹಳದಿ ಕಾಣುತ್ತದೆ. ಚೆರ್ರಿ ಬಣ್ಣದ ಫೀನಾಲಿಕ್ ಮಣಿ ಒಳಗಿನವರೆಗೂ ಒಂದೇ ಕೆಂಪು, ಎಷ್ಟೋ ಸಲ ಅದರೊಳಗೆ ಹೊಯ್ಯುವಾಗ ಉಳಿದ ಸುಳಿ ಗೆರೆಗಳೂ ಕಾಣುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಬೆಣ್ಣೆ ಬಣ್ಣದ, ಬೆಳಕು ದಾಟದ ಫೀನಾಲಿಕ್ ಕೂಡ ಹೊರಗೆ ಕಂದು ತಿರುಗುತ್ತದೆ, ಚಕ್ಕೆ ಎದ್ದರೆ ಒಳಗೆ ಬಿಳಿಚಿಕೊಂಡಿರುತ್ತದೆ. ಹಾಗಾಗಿ ಈ ನೋಟ ಬೆಳಕು ದಾಟುವ ಕೆಂಪು ಮಣಿಗಳಿಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ.

ಕೋಪಲ್ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಬಲೆಯಂತೆ ಹರಡಿದ ಆಳವಿಲ್ಲದ ಬಿರುಕುಗಳು ಇರುತ್ತವೆ. ಹಳೆಯ ಅಂಬರ್ ಸಹ ಬಿರಿಯುತ್ತದೆ, ಆದ್ದರಿಂದ ಇದನ್ನು ಸುಳಿವು ಅಂತಷ್ಟೇ ಇಟ್ಟುಕೊಳ್ಳಿ. ಒಳಗೆ ಹುಳ ಇದೆ ಅನ್ನುವುದಂತೂ ಸುಳಿವೂ ಅಲ್ಲ. ಕೋಪಲ್‌ನಲ್ಲೂ ಹುಳ ಸಿಗುತ್ತದೆ, ಪ್ಲಾಸ್ಟಿಕ್‌ಗೆ ಹುಳ ಹಾಕುವುದು ಕಷ್ಟವೂ ಅಲ್ಲ.

ಯುವಿ ಟಾರ್ಚ್

365 ನ್ಯಾನೋಮೀಟರ್‌ನ ಯುವಿ ಟಾರ್ಚ್ ಬಳಸಿ. 395ರ ಟಾರ್ಚ್‌ನಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಜಾಸ್ತಿ ಬರುತ್ತದೆ, ಮಣಿ ತಾನೇ ಬೆಳಗುತ್ತಿದೆಯೋ ಟಾರ್ಚ್ ಬೆಳಕು ಮೇಲೆ ಬಿದ್ದಿದೆಯೋ ತಿಳಿಯುವುದಿಲ್ಲ. ಕೋಣೆ ಪೂರ್ತಿ ಕತ್ತಲಾಗಿರಲಿ. ಟಾರ್ಚ್ ಕಣ್ಣಿನ ಕಡೆ ತಿರುಗದಿರಲಿ. ಕೆಲವೇ ಸೆಕೆಂಡು ಸಾಕು.

ಬಾಲ್ಟಿಕ್ ಅಂಬರ್ ಸಾಮಾನ್ಯವಾಗಿ ಹಾಲಿನಂಥ ನೀಲಿ ಅಥವಾ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಆದರೆ ಹಳೆಯ ಮಣಿಯ ಕೆಂಪಾದ ಮೇಲ್ಪದರ ಈ ಬೆಳಕನ್ನು ಮಂಕಾಗಿಸುತ್ತದೆ. "ಏನೂ ಹೊಳೀಲಿಲ್ಲ, ಇದು ನಕಲಿ" ಅಂತ ಒಳ್ಳೆಯ ಅಂಬರ್ ಸರವನ್ನು ಬದಿಗಿಡುವುದು ಇಲ್ಲಿಯೇ. ಟಾರ್ಚನ್ನು ತೂತಿನ ಅಂಚಿಗೆ, ಚಕ್ಕೆ ಎದ್ದ ಜಾಗಕ್ಕೆ ಹಿಡಿಯಿರಿ. ಮೈಯೆಲ್ಲ ಮಂಕಾಗಿದ್ದು ತೂತಿನ ಸುತ್ತ ಮಾತ್ರ ನೀಲಿ ಉಂಗುರ ಕಂಡರೆ ಅದು ಅಂಬರ್ ಪರವಾಗಿ ಗಟ್ಟಿ ಸುಳಿವು. ಹೆಚ್ಚಿನ ಫೀನಾಲಿಕ್ ಮಣಿಗಳು ಎಲ್ಲ ಕಡೆಯೂ ಕಂದಾಗಿ, ಸತ್ತಂತೆ ಇರುತ್ತವೆ. ಕೋಪಲ್ ಸಾಮಾನ್ಯವಾಗಿ ಬಿಳಿಚಾಗಿ, ಕಡಿಮೆ ಬೆಳಗುತ್ತದೆ, ಆದರೆ ಅಂಬರ್‌ಗೂ ಕೋಪಲ್‌ಗೂ ನಡುವೆ ಗೆರೆ ಎಳೆಯುವಷ್ಟು ಇದನ್ನು ನಂಬಲು ಆಗುವುದಿಲ್ಲ. ಕೆಲವು ಪ್ಲಾಸ್ಟಿಕ್, ಮೇಲೆ ಬಳಿದ ವಾರ್ನಿಶ್ ಕೂಡ ಬೆಳಗುತ್ತವೆ.

ಯುವಿಯ ನಿಜವಾದ ಉಪಯೋಗ ಬೇರೆಯೇ ಇದೆ. ಇಡೀ ಸರದ ಮೇಲೆ ಒಮ್ಮೆ ಬೆಳಕು ಹಾಯಿಸಿದರೆ ಉಳಿದವುಗಳಿಗಿಂತ ಬೇರೆಯಾಗಿರುವ ಮಣಿಗಳು ತಟ್ಟನೆ ಎದ್ದು ಕಾಣುತ್ತವೆ. ಹಳೆಯ ಸರದಲ್ಲಿ ಒಡೆದ ಮಣಿಯ ಬದಲು ಬೇರೆ ಮಣಿ ಪೋಣಿಸಿರುವುದು ತುಂಬಾ ಸಾಮಾನ್ಯ.

ತಿಕ್ಕಿ, ಮೂಸಿ ನೋಡುವುದು

ಉಣ್ಣೆಗೆ ತಿಕ್ಕಿದರೆ ಅಂಬರ್ ಕಾಗದದ ಚೂರುಗಳನ್ನು ಎಳೆಯುತ್ತದೆ, ನಿಜ. ಕೋಪಲ್ಲೂ ಎಳೆಯುತ್ತದೆ, ಎಷ್ಟೋ ಪ್ಲಾಸ್ಟಿಕ್‌ಗಳೂ ಎಳೆಯುತ್ತವೆ. ಗಾಜು, ಕಲ್ಲನ್ನು ಬೇರ್ಪಡಿಸಲು ಈ ಪರೀಕ್ಷೆ ಬೇಡ, ಮುಟ್ಟಿದಾಗಿನ ತಣ್ಣನೆ ಮತ್ತು ತೂಕವೇ ಅದನ್ನು ಹೇಳುತ್ತದೆ. ಆದ್ದರಿಂದ ಇದನ್ನು ಬಿಟ್ಟುಬಿಡಿ.

ವಾಸನೆ ಅದಕ್ಕಿಂತ ಉಪಯುಕ್ತ. ಮಣಿಯನ್ನು ಹೆಬ್ಬೆರಳಿನಿಂದ ಬೆಚ್ಚಗಾಗುವವರೆಗೆ ಜೋರಾಗಿ ತಿಕ್ಕಿ ತಕ್ಷಣ ಮೂಸಿ. ಆಸ್ಪತ್ರೆಯ ಫಿನಾಯಿಲ್‌ನಂಥ ಕಟುವಾಸನೆ ಬಂದರೆ ಫೀನಾಲಿಕ್. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅದನ್ನು ತಯಾರಿಸಲು ಕರ್ಪೂರವನ್ನೇ ಬೆರೆಸುತ್ತಾರೆ. ಕೋಪಲ್ ಕೆಲವೊಮ್ಮೆ ಬೆರಳಿಗೆ ಸ್ವಲ್ಪ ಅಂಟಿದಂತಾಗಿ ಹಸಿ ರಾಳದ ವಾಸನೆ ಕೊಡುತ್ತದೆ. ಅಂಬರ್ ಬರೀ ತಿಕ್ಕಿದಾಗ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ, ಬಂದರೆ ತೀರಾ ತೆಳುವಾದ ವಾಸನೆ. ಸೆಂಟು, ಎಣ್ಣೆ ಹಚ್ಚಿದ ಕೈಯಿಂದ ಮಾಡಬೇಡಿ. ವಾಸನೆ ಬರಲಿಲ್ಲ ಅಂದರೆ ಅದಕ್ಕೆ ಯಾವ ಅರ್ಥವೂ ಇಲ್ಲ, ಮುಂದಿನ ಪರೀಕ್ಷೆಗೆ ಹೋಗಿ.

ಉಪ್ಪುನೀರು: ಉಪ್ಪು ಎಷ್ಟು ಅನ್ನುವುದೇ ಮುಖ್ಯ

ಅಂಬರ್ ಒಂದು ಘನ ಸೆಂಟಿಮೀಟರ್‌ಗೆ 1.05ರಿಂದ 1.10 ಗ್ರಾಂ ತೂಗುತ್ತದೆ. ಕೋಪಲ್ ಕೂಡ ಹೆಚ್ಚು ಕಡಿಮೆ ಅಷ್ಟೇ, 1.03ರಿಂದ 1.08. ಅಕ್ರಿಲಿಕ್ 1.18, ಫೀನಾಲಿಕ್ 1.25ರಿಂದ 1.30, ಕೇಸೀನ್ ಮತ್ತು ಸೆಲ್ಯುಲಾಯ್ಡ್ 1.3ಕ್ಕೂ ಮೇಲೆ. ಹಾಗಾದರೆ ನಮಗೆ ಬೇಕಾಗಿರುವುದು 1.12ರ ಆಸುಪಾಸಿನ ನೀರು. 250 ಮಿಲಿ ನೀರಿಗೆ 50 ಗ್ರಾಂ ಪುಡಿ ಉಪ್ಪು ತೂಕ ಮಾಡಿ ಹಾಕಿ, ಪೂರ್ತಿ ಕರಗಿಸಿ. ಸರಿಯಾಗಿ ಅಷ್ಟೇ ಆಗುತ್ತದೆ.

ಅಂದಾಜಿನಲ್ಲಿ ಹಾಕಿದರೆ ಎರಡು ಕಡೆಯೂ ತಪ್ಪುತ್ತದೆ. ಲೋಟಕ್ಕೆ ಒಂದು ಚಮಚ ಹಾಕಿದರೆ ನಿಜವಾದ ಅಂಬರ್ ಕೂಡ ಮುಳುಗುತ್ತದೆ. ಕರಗುವಷ್ಟೂ ಉಪ್ಪು ಹಾಕಿಬಿಟ್ಟರೆ ನೀರು 1.20 ತಲುಪುತ್ತದೆ, ಆಗ ಅಕ್ರಿಲಿಕ್ ಮಣಿಯೂ ತೇಲುತ್ತದೆ. "ಜಾಸ್ತಿ ಉಪ್ಪು ಹಾಕಿದರೆ ಒಳ್ಳೆಯದು" ಅನ್ನುವ ಸಲಹೆ ಇದೇ ಕಾರಣಕ್ಕೆ ಕೆಟ್ಟ ಸಲಹೆ.

ಇಡೀ ಸರವನ್ನು ಅದ್ದಬೇಡಿ. ದಾರ ಮತ್ತು ಕೊಂಡಿ ಮಣಿಗಳನ್ನು ಕೆಳಗೆ ಎಳೆಯುತ್ತವೆ, ಹಳೆಯ ರೇಷ್ಮೆ ದಾರ ನೆನೆದರೆ ಹಾಳಾಗುತ್ತದೆ. ಬಿಚ್ಚುವ ಮೊದಲು ಸರವನ್ನು ಚಪ್ಪಟೆ ಹಾಸಿ ಫೋಟೋ ತೆಗೆಯಿರಿ, ಮಣಿಗಳನ್ನು ಅದೇ ಕ್ರಮದಲ್ಲಿ ಇಡಿ, ದಾರವನ್ನೂ ಎಸೆಯಬೇಡಿ. ಒಂದೊಂದೇ ಮಣಿಯನ್ನು ಒದ್ದೆ ಮಾಡಿ, ತೂತಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ಅಲುಗಾಡಿಸಿ, ನೀರಿನೊಳಗೆ ತಳ್ಳಿ ಬಿಡಿ. ನೋಡಿದ ತಕ್ಷಣ ಸಿಹಿನೀರಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಒರೆಸಿ. ಉಪ್ಪು ಬಿರುಕಿನಲ್ಲಿ ಒಣಗಿ ಹರಳಾದರೆ ಬಿರುಕು ಅಗಲವಾಗುತ್ತದೆ. ಆಳವಾಗಿ ಬಿರಿದ ಮಣಿಯನ್ನು ನೀರಿಗೆ ಹಾಕಲೇಬೇಡಿ. ಕೇಸೀನ್ ಇರಬಹುದು ಅನ್ನಿಸಿದರೂ ನೆನೆಯಲು ಬಿಡಬೇಡಿ, ಅದು ನೀರು ಹೀರಿ ಉಬ್ಬುತ್ತದೆ.

ಗ್ರಾಂನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿ ಇದ್ದರೆ ಉಪ್ಪೇ ಬೇಡ. ಮೊದಲು ಮಣಿಯ ತೂಕ ನೋಡಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಮಣಿಯನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗಾಡಿಸಿ. ಈಗ ತಕ್ಕಡಿ ತೋರಿಸುವುದು ಮಣಿ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನಾನು ಇದನ್ನೇ ಹೆಚ್ಚು ಇಷ್ಟಪಡುತ್ತೇನೆ. ತೇಲಿತು, ಮುಳುಗಿತು ಅನ್ನುವುದರ ಬದಲು ಒಂದು ಅಂಕಿ ಸಿಗುತ್ತದೆ. ತೀರಾ ಸಣ್ಣ ಮಣಿಗೆ ಮಾತ್ರ ಇದು ಒಗ್ಗುವುದಿಲ್ಲ, ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ತಕ್ಕಡಿಯ ಸಣ್ಣ ತಪ್ಪೇ ಉತ್ತರವನ್ನು ಬದಲಿಸಿಬಿಡುತ್ತದೆ.

ತೇಲಿದ ಮಣಿ ಕೋಪಲ್ಲೋ ಅಂಬರೋ?

ಈಗ ಉಳಿದಿರುವುದು ಕಷ್ಟದ ಪ್ರಶ್ನೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕೆ ನೇರವಾಗಿ ಉತ್ತರಿಸುವುದು ಸ್ಪಿರಿಟ್. ಬಹಳ ಜನ ಅಸಿಟೋನ್ ಅಥವಾ ನೇಲ್ ಪಾಲಿಶ್ ರಿಮೂವರ್ ಹೇಳುತ್ತಾರೆ. ನಾನು ಐಸೊಪ್ರೊಪೈಲ್ ಆಲ್ಕೊಹಾಲ್ ಹೇಳುತ್ತೇನೆ. ಕೋಪಲ್ ಎರಡಕ್ಕೂ ಮೆತ್ತಗಾಗುತ್ತದೆ, ಆದರೆ ಅಸಿಟೋನ್ ಪಾಲಿಸ್ಟೈರೀನ್, ಸೆಲ್ಯುಲಾಯ್ಡ್ ಮಣಿಗಳನ್ನು ಕರಗಿಸಿಯೇ ಬಿಡುತ್ತದೆ. ಮಣಿ ಯಾವುದೇ ಆಗಿರಲಿ, ಅದು ಯಾರೋ ಧರಿಸಿದ ಸರ. ಹಾಳು ಮಾಡಿ ತಿಳಿದುಕೊಳ್ಳುವ ಹಕ್ಕು ನಮಗಿಲ್ಲ.

ತೂತಿನ ಅಂಚಿನಲ್ಲಿ, ಪಕ್ಕದ ಮಣಿ ಮುಚ್ಚುವ ಜಾಗ ಆರಿಸಿ. ಹತ್ತಿ ಸುತ್ತಿದ ಕಡ್ಡಿಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹೆಚ್ಚಿನದನ್ನು ಒರೆಸಿ, ಗುಂಡುಸೂಜಿ ತಲೆಯಷ್ಟು ಜಾಗಕ್ಕೆ ಮುಟ್ಟಿಸಿ. ಅರ್ಧ ನಿಮಿಷ ಬಿಟ್ಟು ಒಣ ಹತ್ತಿ ಒತ್ತಿ ತೆಗೆಯಿರಿ. ಹತ್ತಿಯ ಎಳೆಗಳು ಅಂಟಿಕೊಂಡರೆ, ಅಥವಾ ಆ ಜಾಗ ಹೊಳಪು ಕಳೆದುಕೊಂಡು ಜಿಗುಟಾದರೆ ಅದು ಕೋಪಲ್ ಅನ್ನಲು ಬಲವಾದ ಕಾರಣ ಸಿಕ್ಕಿತು. ಅಂಬರ್ ಇಷ್ಟು ಹೊತ್ತಿಗೆ ಏನೂ ಆಗದೆ ಇರುತ್ತದೆ. ಹತ್ತಿಗೆ ಬಣ್ಣ ಹತ್ತಿದರೆ ಮೇಲೆ ವಾರ್ನಿಶ್ ಅಥವಾ ಬಣ್ಣದ ಪದರ ಇದೆ ಎಂದರ್ಥ, ಆಗ ಉತ್ತರವನ್ನು ನಂಬಬೇಡಿ. ಇದು ಕೊನೆಯ ಪರೀಕ್ಷೆಯಾಗಿರಲಿ, ಒಂದೇ ರೀತಿ ಕಾಣುವ ಮಣಿಗಳ ಗುಂಪಿನಲ್ಲಿ ಒಂದಕ್ಕೆ ಮಾಡಿದರೆ ಸಾಕು.

ಒತ್ತಡ, ಶಾಖ ಕೊಟ್ಟು ಗಟ್ಟಿ ಮಾಡಿದ ಕೋಪಲ್ ಈ ಪರೀಕ್ಷೆಯನ್ನು ದಾಟಿಬಿಡಬಹುದು. ಆದರೆ ಅದು ಹೊಸ ಆಭರಣಗಳ ತಲೆನೋವು, ಹಳೆಯ ಸರದಲ್ಲಿ ಹೊಸದಾಗಿ ಸೇರಿಸಿದ ಮಣಿಗಳಿದ್ದರೆ ಮಾತ್ರ ಯೋಚಿಸಿ.

ಒಂದು ಸರದ ಕಥೆ

ಸ್ನೇಹಿತೆಯೊಬ್ಬರಿಗೆ ಅವರ ಅಜ್ಜಿಯಿಂದ ಬಂದ ಸರ ಇದು. ಒಟ್ಟು 37 ಮಣಿ. ಮುಂದೆ 5 ದೊಡ್ಡ ಗಾಢ ಕೆಂಪು ಮಣಿ, ಕೊಂಡಿಯ ಹತ್ತಿರ 3 ತಿಳಿ ಹಳದಿ ಮಣಿ, ಉಳಿದ 29 ಜೇನು ಬಣ್ಣದವು. ಮನೆಯಲ್ಲಿ ಎಲ್ಲರೂ ಕೆಂಪು ಮಣಿಗಳೇ ಬೆಲೆಬಾಳುವವು, ಉಳಿದದ್ದು ಸುಮ್ನೆ ಜೊತೆಗೆ ಹಾಕಿದ್ದು ಎಂದು ನಂಬಿದ್ದರು.

ಟಾರ್ಚ್ ಹಿಡಿದಾಗ ಕೆಂಪು ಮಣಿಗಳು ತೂತಿನ ಒಳಗೂ ಅದೇ ಕೆಂಪು. ಯುವಿಯಲ್ಲಿ ಐದೂ ಮಂಕು, ತೂತಿನ ಅಂಚು ಕೂಡ. ತಿಕ್ಕಿದಾಗ ವಾಸನೆ ಸ್ಪಷ್ಟವಾಗಿ ಬರಲಿಲ್ಲ. ಒಂದನ್ನು ತೂಗಿದಾಗ 5.38 ಗ್ರಾಂ, ನೀರಿನಲ್ಲಿ ತೂಗಾಡಿಸಿದಾಗ ತಕ್ಕಡಿ ತೋರಿಸಿದ್ದು 4.20. ಭಾಗಿಸಿದರೆ 1.28, ಫೀನಾಲಿಕ್ ಇರಬೇಕಾದ ಜಾಗದಲ್ಲೇ. ಅಷ್ಟೇ ಗಾತ್ರದ ಅಂಬರ್ ಸುಮಾರು 4.5 ಗ್ರಾಂ ತೂಗುತ್ತಿತ್ತು. ಈ ವ್ಯತ್ಯಾಸವನ್ನು ಅಂಗೈ ಗುರುತಿಸುವುದಿಲ್ಲ, ತಕ್ಕಡಿ ಗುರುತಿಸುತ್ತದೆ.

ಜೇನು ಬಣ್ಣದ ಮಣಿಗಳು ಯುವಿಯಲ್ಲಿ ಮೊದಲು ನಿರಾಸೆ ಮಾಡಿದವು, ಮೈಯೆಲ್ಲ ಮಂಕು. ತೂತುಗಳ ಕಡೆ ಬೆಳಕು ತಿರುಗಿಸಿದಾಗ ಒಂದೊಂದರಲ್ಲೂ ನೀಲಿ ಅಂಚು ಕಂಡಿತು. ಒಂದೇ ಒಂದು ಮಣಿಯಲ್ಲಿ ಕಾಣಲಿಲ್ಲ. ಅದನ್ನು ಪಕ್ಕಕ್ಕಿಟ್ಟೆವು. ಉಪ್ಪುನೀರಿನಲ್ಲಿ 29ಕ್ಕೆ 29 ತೇಲಿದವು, ಪಕ್ಕಕ್ಕಿಟ್ಟ ಮಣಿಯೂ ಸೇರಿ. ಲೂಪ್‌ನಲ್ಲಿ ನೋಡಿದರೆ ಆ ಮಣಿಯ ಸುತ್ತ ಕೂದಲೆಳೆಯಷ್ಟು ತೆಳುವಾದ ಅಚ್ಚಿನ ಗೆರೆ, ತೂತು ಚಕ್ಕೆಯಿಲ್ಲದೆ ನುಣ್ಣಗೆ. 1.05ರಷ್ಟು ಸಾಂದ್ರತೆಯ ಪಾಲಿಸ್ಟೈರೀನ್ ಹೀಗೆ ಉಪ್ಪುನೀರನ್ನು ದಾಟಿಬಿಡುತ್ತದೆ. ಯಾವುದೋ ಕಾಲದಲ್ಲಿ ಕಳೆದುಹೋದ ಮಣಿಯ ಬದಲು ಸೇರಿಸಿದ್ದು ಇರಬೇಕು.

ಕೊಂಡಿಯ ಹತ್ತಿರದ ಮೂರು ಹಳದಿ ಮಣಿಗಳೂ ತೇಲಿದವು. ಮೇಲ್ಮೈಯಲ್ಲಿ ಬಲೆಯಂಥ ಬಿರುಕು, ಯುವಿಯಲ್ಲಿ ಬಿಳಿಚು ಬೆಳಕು. ಒಂದಕ್ಕೆ ತೂತಿನ ಅಂಚಿನಲ್ಲಿ ಸ್ಪಿರಿಟ್ ಮುಟ್ಟಿಸಿದಾಗ ಹತ್ತಿಯ ಎಳೆಗಳು ಅಂಟಿಕೊಂಡವು. ಜೇನು ಬಣ್ಣದ ಒಂದು ಮಣಿಗೆ ಅದನ್ನೇ ಮಾಡಿದಾಗ ಯಾವ ಗುರುತೂ ಉಳಿಯಲಿಲ್ಲ. ಅಂತೂ 28 ಅಂಬರ್, 3 ಕೋಪಲ್, 5 ಫೀನಾಲಿಕ್, 1 ಪಾಲಿಸ್ಟೈರೀನ್ ಎಂದು ಲೆಕ್ಕ ಹಾಕಿದೆವು. ಮನೆಯವರ ನಂಬಿಕೆ ತಲೆಕೆಳಗಾಯಿತು, ಜೊತೆಗೆ ಹಾಕಿದ್ದು ಅಂದುಕೊಂಡಿದ್ದೇ ನಿಜವಾದದ್ದು.

ಇಲ್ಲಿ ಉಳಿಯುವ ಅನುಮಾನವನ್ನೂ ಹೇಳಬೇಕು. ಸಣ್ಣ ಅಂಬರ್ ಚೂರುಗಳನ್ನು ಬಿಸಿ ಮಾಡಿ ಒತ್ತಿ ಮಾಡಿದ ಮಣಿಗಳು ಕೂಡ ಇದೆಲ್ಲವನ್ನೂ ದಾಟುತ್ತವೆ, ಯಾಕೆಂದರೆ ಅವು ಅಂಬರ್ ಹೌದು. ಲೂಪ್‌ನಲ್ಲಿ ಚೂರುಗಳು ಸೇರಿದ ಗಡಿ, ಒಂದೇ ದಿಕ್ಕಿಗೆ ಎಳೆದಂತಿರುವ ಉದ್ದನೆಯ ಗುಳ್ಳೆಗಳು ಕಂಡರೆ ಆ ಕಡೆ ಯೋಚಿಸಬೇಕು.

ಕಾದ ಸೂಜಿ ಬೇಡ, ಬೇಕಾದರೆ ಪ್ರಯೋಗಾಲಯ

ಕಾದ ಸೂಜಿ ಚುಚ್ಚುವ ಪರೀಕ್ಷೆಯನ್ನು ಈಗಲೂ ಧಾರಾಳವಾಗಿ ಹೇಳುತ್ತಾರೆ. ಅದು ಅಳಿಸಲಾಗದ ಗುಳಿ ಬಿಡುತ್ತದೆ, ಬಿಸಿಗೆ ಅಂಬರ್ ಬಿರಿಯಬಹುದು. ಮಣಿ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಅದೂ ಕೈಯಲ್ಲಿ ಹಿಡಿದಿರುವಾಗ. ಚಾಕುವಿನಿಂದ ಕೆರೆದು ಪುಡಿಯೋ ಸುರುಳಿಯೋ ನೋಡುವುದೂ ಅಷ್ಟೇ ಬೇಡದ ಕೆಲಸ.

ಮಾರುವ, ವಿಮೆ ಮಾಡಿಸುವ ಅಥವಾ ಆಸ್ತಿ ಹಂಚಿಕೊಳ್ಳುವ ಸಂದರ್ಭವಿದ್ದರೆ ರತ್ನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ, ಮಣಿ ಇನ್‌ಫ್ರಾರೆಡ್ ಬೆಳಕನ್ನು ಹೀರುವ ಬಗೆಯನ್ನು ನಕ್ಷೆಯಾಗಿ ತೋರಿಸುವ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ. ಅಮೆರಿಕದ ವಾಸರ್ ಕಾಲೇಜಿನ ರಸಾಯನಶಾಸ್ತ್ರಜ್ಞ ಕರ್ಟ್ ಬೆಕ್ 1960ರ ದಶಕದಲ್ಲಿ ಬಾಲ್ಟಿಕ್ ಅಂಬರ್‌ನ ಇನ್‌ಫ್ರಾರೆಡ್ ನಕ್ಷೆಯಲ್ಲಿ ತರಂಗಸಂಖ್ಯೆ 1250ರಿಂದ 1175 cm⁻¹ ನಡುವೆ ಚಪ್ಪಟೆಯಾದ ಒಂದು ಭುಜದಂಥ ಭಾಗವನ್ನು ಗುರುತಿಸಿದರು. ಅದನ್ನು ಬಾಲ್ಟಿಕ್ ಶೋಲ್ಡರ್ ಅನ್ನುತ್ತಾರೆ. ಅದು ಇದ್ದರೆ ಬಾಲ್ಟಿಕ್ ಅಂಬರ್ ಎಂದು ಹೇಳಬಹುದು. ಕೋಪಲ್‌ನ ನಕ್ಷೆ ಬೇರೆಯಾಗಿಯೇ ಇರುತ್ತದೆ. ಒಂದೇ ಮಣಿ ಕೊಡುವುದಾದರೆ ನಿಮಗೆ ಅತಿ ಹೆಚ್ಚು ಅನುಮಾನ ಇರುವ ಮಣಿಯನ್ನೇ ಕೊಡಿ, ಸರದ ಕ್ರಮದಲ್ಲಿ ಅದರ ಜಾಗ ಯಾವುದು ಎಂದು ಬರೆದಿಟ್ಟುಕೊಳ್ಳಿ. ವರದಿ ಆ ಒಂದು ಮಣಿಗೆ ಮಾತ್ರ ಅನ್ವಯಿಸುತ್ತದೆ, ಪಕ್ಕದ ಮಣಿಗಲ್ಲ.